ಕಿಡ್ನಿ ಸ್ಕ್ಯಾನ್‌ನ ನಡುವೆ ಕಪ್ಪು ಕಂಡರೆ: ಹೈಡ್ರೋನೆಫ್ರೋಸಿಸ್ಸೋ, ಸಿಸ್ಟೋ?

ಪ್ರಶ್ನೆ: ಮೇಡಂ, ನಾನು ಅಲ್ಟ್ರಾಸೌಂಡ್ ಕಲಿಯುತ್ತಿದ್ದೇನೆ. ಕಿಡ್ನಿಯ ನಡುವೆ ಕಪ್ಪಗೆ ಕಂಡಾಗ ಹೈಡ್ರೋನೆಫ್ರೋಸಿಸ್ ಅಂತ ಬರೆದರೆ ಕೆಲವು ಸಲ ಅದು ಸಿಸ್ಟ್ ಅಂತ ತಿದ್ದುತ್ತಾರೆ. ಹೈಡ್ರೋನೆಫ್ರೋಸಿಸ್ಸೇ ಆಗಿದ್ದರೂ ನಾನು ಮೈಲ್ಡ್ ಅಂದದ್ದನ್ನು ಇನ್ನೊಬ್ಬರು ಮಾಡರೇಟ್ ಅನ್ನುತ್ತಾರೆ. ಎರಡನ್ನೂ ಹೇಗೆ ಬೇರೆ ಮಾಡುವುದು? ಗ್ರೇಡ್ ಯಾವ ಆಧಾರದ ಮೇಲೆ ಕೊಡುವುದು?

ಉತ್ತರ: ಕಪ್ಪು ಕಂಡ ತಕ್ಷಣ ಅದಕ್ಕೆ ಹೆಸರಿಡಲು ಹೋಗಬೇಡಿ. ಮೊದಲು ಒಂದೇ ಒಂದು ವಿಷಯ ನೋಡಿ: ಈ ಕಪ್ಪು ಜಾಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆಯೋ ಇಲ್ಲವೋ? ಕೂಡಿಕೊಂಡರೆ ಅದು ಮೂತ್ರ ಹರಿಯುವ ದಾರಿ, ಅದು ಹಿಗ್ಗಿದೆ. ಕೂಡದಿದ್ದರೆ ಅವು ಬೇರೆ ಬೇರೆ ಚೀಲಗಳು. ಗ್ರೇಡ್‌ನ ಮಾತು ಬರುವುದು ಇದು ತೀರ್ಮಾನವಾದ ಮೇಲೆ. ನೀವು ಹೇಳಿದ ಎರಡು ತೊಂದರೆಗಳಲ್ಲಿ ಮೊದಲನೆಯದು ಸರಿಹೋದರೆ ಎರಡನೆಯದು ಅರ್ಧ ಸರಿಹೋದ ಹಾಗೆ.

ಮಾಮೂಲಿ ಕಿಡ್ನಿಯ ನಡುವೆ ಏನಿರುತ್ತದೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ನಡುವಿನ ಸೈನಸ್‌ನಲ್ಲಿ ಕೊಬ್ಬು ಇರುತ್ತದೆ, ಅದು ಬೆಳ್ಳಗೆ ಹೊಳೆಯುತ್ತದೆ. ಪೆಲ್ವಿಸ್ಸೂ ಕ್ಯಾಲಿಕ್ಸ್‌ಗಳೂ ಆ ಕೊಬ್ಬಿನೊಳಗೇ ಇರುತ್ತವೆ. ಆದರೆ ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ ಬೇರೆಯಾಗಿ ಕಾಣುವುದಿಲ್ಲ. ಮೂತ್ರ ನಿಂತಾಗ ಮಾತ್ರ ಆ ಬಿಳಿ ಸೀಳಿ ನಡುವೆ ಕಪ್ಪು ಕಾಣಿಸಿಕೊಳ್ಳುತ್ತದೆ. ಆ ಕಪ್ಪಿಗೆ ಒಂದು ಆಕಾರ ಇರುತ್ತದೆ: ಅಂಗೈಯಿಂದ ಬೆರಳುಗಳು ಹೊರಟ ಹಾಗೆ. ಅಂಗೈ ಅಂದರೆ ಪೆಲ್ವಿಸ್, ಬೆರಳುಗಳು ಕ್ಯಾಲಿಕ್ಸ್‌ಗಳು. ಎಷ್ಟೇ ಊದಿಕೊಂಡರೂ ಬೆರಳು ಅಂಗೈಗೆ ಸೇರಿಯೇ ಇರಬೇಕು ಅಲ್ವಾ? ಆ ಸೇರುವ ಜಾಗವನ್ನು ನೀವು ಕಣ್ಣಾರೆ ನೋಡಬೇಕು.

ಇಲ್ಲೇ ಹೆಚ್ಚಿನವರು ಎಡವುವುದು. ಉದ್ದಕ್ಕೆ ಪ್ರೋಬ್ ಇಟ್ಟು ಒಂದು ಚಿತ್ರ ನಿಲ್ಲಿಸುತ್ತಾರೆ. ಆ ಒಂದೇ ಸೀಳಿನಲ್ಲಿ ಕ್ಯಾಲಿಕ್ಸ್‌ನ ಕತ್ತು ಸಿಗದೇ ಹೋಗಬಹುದು. ಆಗ ಹಿಗ್ಗಿದ ಕ್ಯಾಲಿಕ್ಸ್‌ಗಳು ಬಿಡಿ ಬಿಡಿ ಸಿಸ್ಟ್‌ಗಳ ಹಾಗೆ ಕಾಣುತ್ತವೆ. ಇದರ ಉಲ್ಟಾ ಕೂಡ ಆಗುತ್ತದೆ: ಪಕ್ಕಪಕ್ಕದ ಎರಡು ಸಿಸ್ಟ್‌ಗಳ ನಡುವಿನ ತೆಳು ಗೋಡೆ ಆ ಕೋನದಲ್ಲಿ ಕಾಣದೆ, ಎರಡೂ ಒಂದೇ ಅನ್ನಿಸುತ್ತದೆ. ಹಾಗಾಗಿ ನಿಂತ ಚಿತ್ರ ನಂಬಬೇಡಿ. ಪ್ರೋಬ್ ಅನ್ನು ನಿಧಾನಕ್ಕೆ ಬೀಸುತ್ತಾ ಹೋಗಿ. ಒಂದು ಕಪ್ಪು ಜಾಗದ ಮೇಲೆ ಕಣ್ಣಿಟ್ಟು, ಅದು ಮುಂದೆ ಯಾವುದಕ್ಕೆ ಹೋಗಿ ಸೇರುತ್ತದೆ ಅಂತ ಹಿಂಬಾಲಿಸಿ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಪಕ್ಕೆಯಿಂದ, ಅಂದರೆ ಕೊರೋನಲ್ ಸೀಳಿನಲ್ಲಿ ನೋಡಿದಾಗ ಪೆಲ್ವಿಸ್ ಮತ್ತು ಕ್ಯಾಲಿಕ್ಸ್ ಒಟ್ಟಿಗೆ ಸಿಗುವ ಸಾಧ್ಯತೆ ಜಾಸ್ತಿ. ಆ ಸ್ವೀಪ್ ಅನ್ನು ವಿಡಿಯೋ ಕ್ಲಿಪ್ ಆಗಿ ಉಳಿಸಿಡಿ. ಆಮೇಲೆ ಯಾರಾದರೂ ಪ್ರಶ್ನೆ ಮಾಡಿದರೆ ತೋರಿಸಲು ಅದೇ ಸಾಕ್ಷಿ.

ಜೊತೆಗೇ ಕಲರ್ ಡಾಪ್ಲರ್ ಹಾಕಿ. ಹೈಲಮ್ ಹತ್ತಿರ ರೀನಲ್ ವೇನ್ ಕೂಡ ಕಪ್ಪು ಕೊಳವೆಯೇ. ತೆಳ್ಳಗಿರುವವರಲ್ಲಿ ಅದು ದಪ್ಪಗೆ ಕಂಡು, ಪೆಲ್ವಿಸ್ ಸ್ವಲ್ಪ ಹಿಗ್ಗಿದೆ ಅಂತ ಅನ್ನಿಸುವುದು ತುಂಬಾ ಮಾಮೂಲಿ. ಬಣ್ಣ ತುಂಬಿದರೆ ಅದು ರಕ್ತನಾಳ, ಅಲ್ಲಿಗೆ ಮುಗಿಯಿತು. ಆದರೆ ಡಾಪ್ಲರ್‌ನ ವೇಗದ ಸ್ಕೇಲ್ ಇಳಿಸಿ ನೋಡಿ. ಸ್ಕೇಲ್ ಮೇಲಿದ್ದರೆ ನಿಧಾನವಾಗಿ ಹರಿಯುವ ರಕ್ತಕ್ಕೆ ಬಣ್ಣವೇ ಬರುವುದಿಲ್ಲ, ನೀವು ವೇನ್ ಅನ್ನೇ ಪೆಲ್ವಿಸ್ ಅಂತ ಅಳೆದುಬಿಡುತ್ತೀರಿ.

ಈಗ ನಿಮ್ಮನ್ನು ತಿದ್ದಿದ ಪ್ರಸಂಗಕ್ಕೆ ಬರೋಣ. ಕಾರ್ಟೆಕ್ಸ್‌ನಲ್ಲಿ ದುಂಡಗೆ ಕೂತ ಸಿಸ್ಟ್ ಯಾರನ್ನೂ ಅಷ್ಟಾಗಿ ಮೋಸ ಮಾಡುವುದಿಲ್ಲ. ಮೋಸ ಮಾಡುವುದು ಸೈನಸ್‌ನ ಒಳಗಿನ ಸಿಸ್ಟ್‌ಗಳು. ಪೆರಿಪೆಲ್ವಿಕ್ ಸಿಸ್ಟ್ ಅನ್ನುವುದು ಇವುಗಳನ್ನೇ. ಹೆಚ್ಚಾಗಿ ಹಲವಾರು ಇರುತ್ತವೆ, ಎರಡೂ ಕಿಡ್ನಿಗಳಲ್ಲಿ ಇರುತ್ತವೆ, ಪೆಲ್ವಿಸ್ ಸುತ್ತಲಿನ ಕೊಬ್ಬಿನಲ್ಲಿ ನುಸುಳಿಕೊಂಡು ಉದ್ದುದ್ದಕ್ಕೆ ಬೆಳೆಯುತ್ತವೆ. ನೋಡಿದರೆ ಥೇಟ್ ಮೈಲ್ಡ್ ಅಥವಾ ಮಾಡರೇಟ್ ಹೈಡ್ರೋನೆಫ್ರೋಸಿಸ್. ವಯಸ್ಸಾದವರಲ್ಲಿ ಎರಡೂ ಕಡೆ ನಡುವೆ ಕಪ್ಪು ಕಂಡು, ಯುರೇಟರ್ ಮಾಮೂಲಾಗಿದ್ದು, ಕ್ರಿಯಾಟಿನಿನ್ ಕೂಡ ಸರಿಯಿದ್ದರೆ ನನ್ನ ಮನಸ್ಸಿಗೆ ಮೊದಲು ಬರುವುದು ಇದೇ.

ಇವನ್ನು ಹಿಡಿಯಲು ನಾನು ಮೂರು ಕಡೆ ನೋಡುತ್ತೇನೆ. ಮೊದಲನೆಯದು ನಡುವಿನ ಗೋಡೆ. ಎರಡು ಕಪ್ಪುಗಳ ನಡುವೆ ಬಿಳಿ ಗೆರೆ ಈ ತುದಿಯಿಂದ ಆ ತುದಿಗೆ ಪೂರ್ತಿ ಇದ್ದರೆ, ಯಾವ ಕೋನದಲ್ಲೂ ಅದು ಒಡೆಯದಿದ್ದರೆ, ಸಿಸ್ಟ್ ಕಡೆಗೆ ವಾಲಿ. ಹೈಡ್ರೋನೆಫ್ರೋಸಿಸ್‌ನಲ್ಲಿ ಆ ಗೆರೆ ಅರ್ಧಕ್ಕೆ ನಿಂತು, ಒಳಗಡೆ ಎರಡೂ ಕಪ್ಪು ಒಂದಾಗುತ್ತವೆ. ಎರಡನೆಯದು ಕಪ್ಪಿನ ಹೊರತುದಿ. ಹಿಗ್ಗಿದ ಕ್ಯಾಲಿಕ್ಸ್ ಹೋಗಿ ಪಿರಮಿಡ್‌ಗೆ ನೇರವಾಗಿ ತಾಗುತ್ತದೆ, ಯಾಕೆಂದರೆ ಮೂತ್ರ ತೊಟ್ಟಿಕ್ಕುವ ಪ್ಯಾಪಿಲಾ ಇರುವುದೇ ಅದರೊಳಗೆ. ಸಿಸ್ಟ್‌ಗೆ ಆ ನಂಟಿಲ್ಲ. ಅದಕ್ಕೂ ಪಿರಮಿಡ್‌ಗೂ ನಡುವೆ ಹೆಚ್ಚಿನ ಸಲ ಒಂದು ಬಿಳಿ ಕೊಬ್ಬಿನ ಪಟ್ಟಿ ಉಳಿದಿರುತ್ತದೆ. ಮೂರನೆಯದು ಪೆಲ್ವಿಸ್‌ನಿಂದ ಯುರೇಟರ್‌ಗೆ ಹೋಗುವ ದಾರಿ. ಕಪ್ಪು ಹೊರಗೆ ಬಂದು ಕೊಳವೆಯ ಹಾಗೆ ಸಪೂರವಾಗುತ್ತಾ ಕೆಳಗೆ ಇಳಿದರೆ ಅದು ಪೆಲ್ವಿಸ್.

ಇದಿಷ್ಟು ನೋಡಿದ ಮೇಲೂ ಅನುಮಾನ ಉಳಿಯುವ ಕಿಡ್ನಿಗಳಿವೆ. ದಪ್ಪ ಮೈಯವರಲ್ಲಿ ಗೋಡೆಯೇ ಕಾಣುವುದಿಲ್ಲ. ಸಿಸ್ಟ್‌ಗಳ ಜೊತೆಗೆ ನಿಜವಾದ ಹೈಡ್ರೋನೆಫ್ರೋಸಿಸ್ಸೂ ಇರಬಹುದು. ಆಗ ಸುಮ್ನೆ ಒಂದು ಹೆಸರು ಹಾಕಿ ಕೈತೊಳೆದುಕೊಳ್ಳಬೇಡಿ. ಎರಡೂ ಸಾಧ್ಯತೆ ಬರೆಯಿರಿ, ಯಾವುದರ ಕಡೆಗೆ ನೀವು ವಾಲುತ್ತೀರಿ ಅಂತಲೂ ಬರೆಯಿರಿ. ಹಳೆಯ ಸಿಟಿ ಇದ್ದರೆ ತೆಗೆದು ನೋಡಿ. ಇಲ್ಲದಿದ್ದರೆ, ಕಿಡ್ನಿಯ ಕೆಲಸ ಕಾಂಟ್ರಾಸ್ಟ್ ಕೊಡುವಷ್ಟು ಸರಿಯಿದ್ದರೆ, ತಡವಾಗಿ ತೆಗೆದ ಹಂತದ ಸಿಟಿ ಯುರೋಗ್ರಾಮ್ ಈ ಜಗಳ ಬಗೆಹರಿಸುತ್ತದೆ: ಕ್ಯಾಲಿಕ್ಸ್‌ಗಳಲ್ಲಿ ಕಾಂಟ್ರಾಸ್ಟ್ ತುಂಬುತ್ತದೆ, ಸಿಸ್ಟ್‌ಗಳಲ್ಲಿ ತುಂಬುವುದಿಲ್ಲ. ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಎರಡೂ ನೀರಿನ ಬಣ್ಣವೇ, ಆದ್ದರಿಂದ ಅದೊಂದನ್ನೇ ನೆಚ್ಚಿಕೊಂಡರೆ ಅಲ್ಲೂ ಅನುಮಾನ ಉಳಿಯಬಹುದು.

ಇನ್ನು ಸಿಂಪಲ್ ಸಿಸ್ಟ್ ಅಂತ ಧೈರ್ಯವಾಗಿ ಯಾವಾಗ ಬರೆಯಬಹುದು? ಒಳಗೆ ಪೂರ್ತಿ ಕಪ್ಪಾಗಿರಬೇಕು. ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿ ಇರಬೇಕು. ಗೋಡೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳು, ಹಿಂಬದಿಯ ಅಂಚು ಚೂಪಾಗಿ ಕಾಣಬೇಕು. ಸಿಸ್ಟ್‌ನ ಹಿಂದಿನ ಜಾಗ ಅಕ್ಕಪಕ್ಕದ್ದಕ್ಕಿಂತ ಬೆಳ್ಳಗಿರಬೇಕು. ನೀರಿನಲ್ಲಿ ಶಬ್ದ ಅಷ್ಟಾಗಿ ಕುಗ್ಗುವುದಿಲ್ಲ, ಯಂತ್ರ ಮಾತ್ರ ಎಲ್ಲ ಕಡೆ ಕುಗ್ಗಿದೆ ಅಂದುಕೊಂಡು ಆಳಕ್ಕೆ ತಕ್ಕಂತೆ ಹೆಚ್ಚಿಸಿ ತೋರಿಸುತ್ತದೆ, ಅದಕ್ಕೇ ಹಿಂದೆ ಬಿಳಿ. ಈ ಎಲ್ಲವೂ ಕೂಡಿದ್ದರೆ ಮಾತ್ರ ಸಿಂಪಲ್. ಆಗ ಮುಂದೆ ಏನೂ ಮಾಡಬೇಕಿಲ್ಲ, ಫಾಲೋಅಪ್ ಸ್ಕ್ಯಾನ್ ಕೂಡ ಬೇಡ.

ತೊಂದರೆ ಬರುವುದು ಒಳಗೆ ಏನೋ ಬೂದು ಬೂದಾಗಿ ಕಂಡಾಗ. ಅದರಲ್ಲಿ ಎಷ್ಟೋ ಸಲ ಯಂತ್ರದ ಕಸವೇ ಇರುತ್ತದೆ. ಪ್ರೋಬ್‌ಗೆ ಹತ್ತಿರದ ಗೋಡೆಯ ಕೆಳಗೆ ಅಡ್ಡ ಗೆರೆಗಳು ಕಂಡರೆ ಅದು ರಿವರ್ಬರೇಶನ್. ಪ್ರೋಬ್ ಓರೆ ಮಾಡಿದರೆ, ಬೇರೆ ಜಾಗದಿಂದ ನೋಡಿದರೆ ಅದೂ ಜಾಗ ಬದಲಿಸುತ್ತದೆ ಅಥವಾ ಮಾಯವಾಗುತ್ತದೆ. ಗೇನ್ ಇಳಿಸಿ, ಫೋಕಸ್ ಅನ್ನು ಸಿಸ್ಟ್‌ನ ಮಟ್ಟಕ್ಕೆ ತನ್ನಿ, ಹಾರ್ಮಾನಿಕ್ ಹಾಕಿ. ನಿಜವಾದ ಗೋಡೆ ಅಥವಾ ಗಡ್ಡೆಯಾದರೆ ಯಾವ ಕಡೆಯಿಂದ ನೋಡಿದರೂ ಅದೇ ಜಾಗದಲ್ಲಿ ಇರುತ್ತದೆ. ಅದರೊಳಗೆ ಬಣ್ಣ ಹರಿದರೆ ವಿಷಯ ಗಂಭೀರ. ಇನ್ನೊಂದು ಮಾತು: ಕಾಂಪೌಂಡ್ ಇಮೇಜಿಂಗ್ ಆನ್ ಆಗಿದ್ದರೆ ಹಿಂದಿನ ಬಿಳಿ ಕಡಿಮೆಯಾಗುತ್ತದೆ. ಚಿಕ್ಕ ಸಿಸ್ಟ್‌ನ ಹಿಂದೆ ಬಿಳಿ ಕಾಣಲಿಲ್ಲ ಅಂತ ಗಾಬರಿಯಾಗುವ ಮೊದಲು ಒಮ್ಮೆ ಅದನ್ನು ಆಫ್ ಮಾಡಿ ನೋಡಿ.

ನಿಜಕ್ಕೂ ದಪ್ಪ ಗೋಡೆ, ಒಳಗೋಡೆಗಳು, ಕ್ಯಾಲ್ಸಿಯಂ ಅಥವಾ ಗಟ್ಟಿ ಭಾಗ ಇದ್ದರೆ ಕಂಡದ್ದನ್ನು ಕಂಡ ಹಾಗೆ ವಿವರಿಸಿ. ಬೋಸ್ನಿಯಾಕ್ ನಂಬರ್ ಹಾಕುವ ಆಸೆ ಬೇಡ. ಆ ವರ್ಗೀಕರಣ 1986ರಲ್ಲಿ ಬಂದದ್ದು ಸಿಟಿ ಆಧಾರದ ಮೇಲೆ. 2019ರ ಪರಿಷ್ಕರಣೆಯಲ್ಲಿ ಎಂಆರ್‌ಐ ಕೂಡ ಸೇರಿತು. ಮಾಮೂಲಿ ಅಲ್ಟ್ರಾಸೌಂಡ್ ನೋಡಿ ಬೋಸ್ನಿಯಾಕ್ ಎರಡು, ಮೂರು ಅಂತ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಮುಂದಿನ ಪರೀಕ್ಷೆ ಮಾಡಿಸಿ ಅಂದರೆ ಸಾಕು.

ಮೇಲಿನ ತುದಿಯ ಸಿಸ್ಟ್ ಬಗ್ಗೆ ಒಂದು ಎಚ್ಚರಿಕೆ ಇದೆ, ಮಕ್ಕಳಲ್ಲಂತೂ ಖಂಡಿತ ನೆನಪಿಡಿ. ಕೆಲವರ ಕಿಡ್ನಿಯಲ್ಲಿ ಎರಡು ಪ್ರತ್ಯೇಕ ಪೆಲ್ವಿಸ್ ಇರುತ್ತವೆ. ಮೇಲಿನ ಭಾಗದ ಯುರೇಟರ್ ಕೆಳಗೆಲ್ಲೋ ಕಟ್ಟಿಕೊಂಡರೆ ಆ ಮೇಲ್ಭಾಗ ಮಾತ್ರ ಊದಿಕೊಂಡು, ನೋಡುವವರಿಗೆ ಮೇಲ್ತುದಿಯ ಸಿಸ್ಟ್ ಅನ್ನಿಸುತ್ತದೆ. ವ್ಯತ್ಯಾಸ ಸಿಗುವುದು ಕೆಳಗೆ ಹಿಂಬಾಲಿಸಿದಾಗ. ಆ 'ಸಿಸ್ಟ್'ನಿಂದ ಒಂದು ಕೊಳವೆ ಹೊರಟು ಕೆಳಗೆ ಹೋಗುತ್ತದೆಯೇ ನೋಡಿ. ಬ್ಲ್ಯಾಡರ್ ಒಳಗೆ ತೆಳು ಗೋಡೆಯ ಗುಳ್ಳೆ, ಅಂದರೆ ಯುರೇಟರೋಸೀಲ್ ಇದೆಯೇ ನೋಡಿ. ಮೇಲಿನ ತುದಿಯಲ್ಲಿ ಸಿಸ್ಟ್ ಅಂತ ಬರೆಯುವ ಮೊದಲು ಬ್ಲ್ಯಾಡರ್ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇನ್ನು ಗ್ರೇಡ್. ಎಸ್‌ಎಫ್‌ಯು ಅನ್ನುವ ಗ್ರೇಡಿಂಗ್ ಅನ್ನು 1993ರಲ್ಲಿ ಸೊಸೈಟಿ ಫಾರ್ ಫೀಟಲ್ ಯುರಾಲಜಿ ರೂಪಿಸಿತು. ಅದು ಶಿಶುಗಳಿಗಾಗಿ ಮಾಡಿದ್ದು, ಆದರೆ ದೊಡ್ಡವರಿಗೂ ಜನ ಬಳಸುತ್ತಾರೆ. ಸೊನ್ನೆ ಅಂದರೆ ಹಿಗ್ಗಿಲ್ಲ. ಒಂದು ಅಂದರೆ ಪೆಲ್ವಿಸ್ ಮಾತ್ರ ಸ್ವಲ್ಪ ಸೀಳಿದೆ. ಎರಡು ಅಂದರೆ ಪೆಲ್ವಿಸ್ ಚೆನ್ನಾಗಿಯೇ ಹಿಗ್ಗಿದೆ, ದೊಡ್ಡ ಕ್ಯಾಲಿಕ್ಸ್‌ಗಳಿಗೂ ಹರಡಿದೆ. ಮೂರು ಅಂದರೆ ಹೊರಗಿನ ಚಿಕ್ಕ ಕ್ಯಾಲಿಕ್ಸ್‌ಗಳೂ ಒಂದೇ ಸಮ ಹಿಗ್ಗಿವೆ, ಆದರೆ ಸುತ್ತಲಿನ ಪ್ಯಾರೆಂಕೈಮಾ ದಪ್ಪ ಉಳಿಸಿಕೊಂಡಿದೆ. ನಾಲ್ಕು ಅಂದರೆ ಅದೂ ತೆಳುವಾಗಿದೆ. ಗಮನಿಸಿ, ಇಲ್ಲಿ ಮಿಲಿಮೀಟರ್ ಇಲ್ಲವೇ ಇಲ್ಲ. ಕಪ್ಪು ಎಲ್ಲಿಯವರೆಗೆ ಹೋಗಿದೆ, ಹೊರಗಿನ ಮಾಂಸಲ ಭಾಗಕ್ಕೆ ಏನಾಗಿದೆ, ಈ ಎರಡೇ ಪ್ರಶ್ನೆ.

ದೊಡ್ಡವರ ರಿಪೋರ್ಟ್‌ಗಳಲ್ಲಿ ಹೆಚ್ಚು ಓಡಾಡುವುದು ಮೈಲ್ಡ್, ಮಾಡರೇಟ್, ಸಿವಿಯರ್ ಅನ್ನುವ ಮಾತುಗಳು. ನೀವೂ ನಿಮ್ಮ ಜೊತೆಯವರೂ ಬೇರೆ ಬೇರೆ ಹೇಳುವುದಕ್ಕೆ ಕಾರಣ, ಇಬ್ಬರೂ ಕಪ್ಪಿನ ಗಾತ್ರ ನೋಡಿ ಅಂದಾಜು ಮಾಡುತ್ತಿದ್ದೀರಿ ಅಂತ ನನ್ನ ಊಹೆ. ಗಾತ್ರ ಬಿಡಿ, ಕ್ಯಾಲಿಕ್ಸ್‌ನ ಅಂಚು ನೋಡಿ. ಮಾಮೂಲಾಗಿ ಪ್ಯಾಪಿಲಾ ಕ್ಯಾಲಿಕ್ಸ್ ಒಳಗೆ ಚಾಚಿಕೊಂಡಿರುತ್ತದೆ. ಹಾಗಾಗಿ ಕ್ಯಾಲಿಕ್ಸ್‌ನ ಹೊರ ಅಂಚು ಒಳಕ್ಕೆ ಬಾಗಿ, ಎರಡು ಪಕ್ಕದಲ್ಲಿ ಚೂಪು ಮೂಲೆಗಳು ಇರುತ್ತವೆ. ಆ ಮೂಲೆಗಳೇ ಫಾರ್ನಿಕ್ಸ್. ಕ್ಯಾಲಿಕ್ಸ್‌ನಲ್ಲಿ ಮೂತ್ರ ಕಾಣುತ್ತಿದ್ದರೂ ಮೂಲೆ ಚೂಪಾಗಿಯೇ ಉಳಿದು, ಅಂಚು ಒಳಕ್ಕೇ ಬಾಗಿದ್ದರೆ ಮೈಲ್ಡ್. ಮೂಲೆ ಮೊಂಡಾಗಿ, ಪ್ಯಾಪಿಲಾ ಚಪ್ಪಟೆಯಾಗಿ, ಕ್ಯಾಲಿಕ್ಸ್ ದುಂಡಗಾಗಿದ್ದರೆ ಮಾಡರೇಟ್. ಕ್ಯಾಲಿಕ್ಸ್‌ಗಳು ಹೊರಕ್ಕೆ ಬಲೂನಿನಂತೆ ಉಬ್ಬಿ, ಸುತ್ತಲಿನ ಮಾಂಸಲ ಭಾಗ ತೆಳುವಾಗಿದ್ದರೆ ಸಿವಿಯರ್. ಈ ಅಂಚನ್ನು ನೋಡಲು ಚಿತ್ರ ದೊಡ್ಡದು ಮಾಡಿಕೊಳ್ಳಬೇಕು. ಇಡೀ ಕಿಡ್ನಿ ಸಣ್ಣದಾಗಿ ಮೂಲೆಯಲ್ಲಿ ಕೂತ ಚಿತ್ರದಲ್ಲಿ ಅದು ಕಾಣುವುದಿಲ್ಲ.

ಅಳತೆ ಬೇಡ ಅಂತಲ್ಲ. ಪೆಲ್ವಿಸ್‌ನ ಮುಂದಿನಿಂದ ಹಿಂದಿನ ಅಳತೆಯನ್ನು ಅಡ್ಡ ಸೀಳಿನಲ್ಲಿ, ಪೆಲ್ವಿಸ್ ಕಿಡ್ನಿಯ ಗಡಿಯೊಳಗಿರುವ ಜಾಗದಲ್ಲಿ ತೆಗೆದುಕೊಳ್ಳಿ. ಹೊರಗೆ ಚಾಚಿದ ಭಾಗದಲ್ಲಿ ಅಳೆದರೆ ತಪ್ಪು ದಾರಿ ಹಿಡಿಯುತ್ತೀರಿ, ಯಾಕೆಂದರೆ ಕೆಲವರಿಗೆ ಪೆಲ್ವಿಸ್ ಹುಟ್ಟಿನಿಂದಲೇ ಹೊರಗಡೆ ದೊಡ್ಡದಾಗಿರುತ್ತದೆ, ಕ್ಯಾಲಿಕ್ಸ್‌ಗಳು ಮಾಮೂಲಾಗಿರುತ್ತವೆ. ಶಿಶುಗಳಲ್ಲಿ ಈ ಅಳತೆಗೆ ಹೆಚ್ಚಿನ ಬೆಲೆಯಿದೆ. 2014ರಲ್ಲಿ ಬಂದ ಯುಟಿಡಿ, ಅಂದರೆ ಯುರಿನರಿ ಟ್ರ್ಯಾಕ್ಟ್ ಡೈಲೇಶನ್ ಪದ್ಧತಿಯಲ್ಲಿ ಹುಟ್ಟಿದ ಮೇಲೆ 10 ಮಿಲಿಮೀಟರ್‌ಗಿಂತ ಕಡಿಮೆ ಇದ್ದು ಬೇರೇನೂ ತೊಂದರೆ ಕಾಣದಿದ್ದರೆ ಮಾಮೂಲು ಅಂತ ಲೆಕ್ಕ, 15 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲಿನ ವರ್ಗಕ್ಕೆ ಹೋಗುತ್ತದೆ. ಆದರೆ ಹುಟ್ಟಿದ ಮೊದಲ ಎರಡು ದಿನ ಮಗುವಿಗೆ ಮೂತ್ರ ಕಡಿಮೆ, ಆಗ ನೋಡಿದರೆ ಹಿಗ್ಗು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ತುರ್ತು ಇಲ್ಲದಿದ್ದರೆ 48 ಗಂಟೆ ಕಳೆದ ಮೇಲೆ ನೋಡುವುದು ಇದಕ್ಕೇ. ಶಿಶುಗಳ ಪಿರಮಿಡ್‌ಗಳೂ ತುಂಬಾ ಕಪ್ಪಗಿರುತ್ತವೆ. ಸಾಲಾಗಿ, ಸಮ ಅಂತರದಲ್ಲಿ ಕೂತ ಆ ತ್ರಿಕೋನಗಳನ್ನು ಹಿಗ್ಗಿದ ಕ್ಯಾಲಿಕ್ಸ್ ಅಥವಾ ಸಿಸ್ಟ್ ಅಂತ ಓದಬೇಡಿ.

ಮತ್ತೆ ಬ್ಲ್ಯಾಡರ್. ತುಂಬಿದ ಬ್ಲ್ಯಾಡರ್ ಒಂದೇ ಸಾಕು, ಮಾಮೂಲಿ ಕಿಡ್ನಿಗೂ ಮೈಲ್ಡ್ ಹಿಗ್ಗು ಬರಿಸಲು. ಚೆನ್ನಾಗಿ ನೀರು ಕುಡಿಸಿ, ತಡೆದುಕೊಳ್ಳಿ ಅಂತ ಕೂರಿಸಿ, ಆಮೇಲೆ ನಾವೇ ಹೈಡ್ರೋನೆಫ್ರೋಸಿಸ್ ಅಂತ ಬರೆಯುವುದು ವಿಚಿತ್ರವೇ ಸರಿ. ಮೂತ್ರ ಮಾಡಿ ಬರಲು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಹಿಗ್ಗು ಹೋದರೆ ವಿಷಯ ಮುಗಿಯಿತು. ಹಾಗಂತ ಮೊದಲೇ ಖಾಲಿ ಮಾಡಿಸಿದರೂ ಕಷ್ಟ, ಯುರೇಟರ್‌ನ ಕೆಳತುದಿ ಕಾಣುವುದು ಬ್ಲ್ಯಾಡರ್ ತುಂಬಿದ್ದಾಗಲೇ. ಹಾಗಾಗಿ ತುಂಬಿದ್ದಾಗ ಕೆಳತುದಿ, ಖಾಲಿಯಾದ ಮೇಲೆ ಕಿಡ್ನಿ. ಈ ಕ್ರಮ ಇಟ್ಟುಕೊಳ್ಳಿ.

ಇದನ್ನೆಲ್ಲ ಒಂದು ಉದಾಹರಣೆಯಲ್ಲಿ ಜೋಡಿಸಿ ತೋರಿಸುತ್ತೇನೆ. 54 ವರ್ಷದ ಒಬ್ಬರಿಗೆ ಹಿಂದಿನ ದಿನದಿಂದ ಬಲಪಕ್ಕೆಯಲ್ಲಿ ನೋವು, ಜ್ವರ ಇಲ್ಲ ಅಂದುಕೊಳ್ಳಿ. ಬಲ ಕಿಡ್ನಿ 11.2 ಸೆಂಟಿಮೀಟರ್, ಎಡ ಕಿಡ್ನಿ 10.9. ಎರಡರ ನಡುವೆಯೂ ಕಪ್ಪು. ಬಲಗಡೆ ಮೇಲ್ತುದಿಯಲ್ಲಿ ಇನ್ನೊಂದು ದುಂಡು ಕಪ್ಪು. ಆತುರದಲ್ಲಿದ್ದವರು 'ಎರಡೂ ಕಡೆ ಮೈಲ್ಡ್ ಹೈಡ್ರೋನೆಫ್ರೋಸಿಸ್, ಬಲಗಡೆ ಸಿಸ್ಟ್' ಅಂತ ಬರೆದು ಎದ್ದುಬಿಡುತ್ತಾರೆ.

ಬ್ಲ್ಯಾಡರ್ ಅಳೆದರೆ 10.2, 9.6, 9.4 ಸೆಂಟಿಮೀಟರ್. ಮೂರನ್ನೂ ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಸುಮಾರು 480 ಮಿಲಿಲೀಟರ್. ಚೆನ್ನಾಗಿಯೇ ತುಂಬಿದೆ. ಅದು ತುಂಬಿದ್ದಾಗಲೇ ಕೆಳಗೆ ನೋಡುತ್ತೇವೆ. ಬಲ ಯುರೇಟರ್ ಬ್ಲ್ಯಾಡರ್‌ಗೆ ಸೇರುವ ಜಾಗದಲ್ಲಿ 6 ಮಿಲಿಮೀಟರ್‌ನ ಬಿಳಿ ಚುಕ್ಕೆ, ಹಿಂದೆ ನೆರಳು, ಡಾಪ್ಲರ್ ಹಾಕಿದರೆ ಬಣ್ಣ ಬಣ್ಣವಾಗಿ ಮಿನುಗುತ್ತದೆ. ಕಲ್ಲು ಸಿಕ್ಕಿತು. ಬ್ಲ್ಯಾಡರ್ ಒಳಗೆ ಗುಳ್ಳೆ ಏನೂ ಇಲ್ಲ. ಎಡಗಡೆಯಿಂದ ಮೂತ್ರದ ಚಿಮ್ಮು ಬಣ್ಣದಲ್ಲಿ ಚೆನ್ನಾಗಿ ಕಾಣುತ್ತದೆ, ಬಲಗಡೆ ಕಾಯ್ದರೂ ಕಾಣುವುದಿಲ್ಲ. ಚಿಮ್ಮು ಕಾಣಲಿಲ್ಲ ಅನ್ನುವುದು ಒಂದೇ ಸಾಕ್ಷಿಯಾಗಲಾರದು, ನೀರು ಕಡಿಮೆ ಕುಡಿದವರಲ್ಲಿ ಅದು ಅಪರೂಪಕ್ಕೊಮ್ಮೆ ಬರುತ್ತದೆ. ಇಲ್ಲಿ ಕಲ್ಲಿನ ಜೊತೆ ಸೇರಿ ಅರ್ಥ ಕೊಡುತ್ತದೆ.

ಮೂತ್ರ ಮಾಡಿ ಬಂದ ಮೇಲೆ ಬ್ಲ್ಯಾಡರ್‌ನಲ್ಲಿ ಉಳಿದದ್ದು 30 ಮಿಲಿಲೀಟರ್. ಬಲ ಪೆಲ್ವಿಸ್ 17 ಇದ್ದದ್ದು 15 ಮಿಲಿಮೀಟರ್ ಆಗಿದೆ ಅಷ್ಟೇ. ಹಿಗ್ಗು ಉಳಿದಿದೆ. ಬೀಸಿ ನೋಡಿದರೆ ಮೇಲಿನ, ನಡುವಿನ, ಕೆಳಗಿನ ಕ್ಯಾಲಿಕ್ಸ್‌ಗಳು ಎಲ್ಲವೂ ಪೆಲ್ವಿಸ್‌ಗೆ ಸೇರುತ್ತವೆ. ಚಿತ್ರ ದೊಡ್ಡದು ಮಾಡಿದರೆ ಮೂಲೆಗಳು ಮೊಂಡಾಗಿವೆ, ಪ್ಯಾಪಿಲಾ ಚಪ್ಪಟೆಯಾಗಿದೆ. ಪ್ಯಾರೆಂಕೈಮಾ 16 ಮಿಲಿಮೀಟರ್, ಎಡಗಡೆಯೂ ಅಷ್ಟೇ. ಅಂದರೆ ತೆಳುವಾಗಿಲ್ಲ. ಇದು ಮಾಡರೇಟ್, ಎಸ್‌ಎಫ್‌ಯು 3. ಪೆಲ್ವಿಸ್ 15 ಮಿಲಿಮೀಟರ್ ಮಾತ್ರ ಅಂತ ನೋಡಿದವರು ಮೈಲ್ಡ್ ಅನ್ನುತ್ತಿದ್ದರು. ಕ್ಯಾಲಿಕ್ಸ್ ನೋಡಿದ್ದರಿಂದ ಉತ್ತರ ಬದಲಾಯಿತು.

ಎಡಗಡೆ ನಡುವಿನ ಕಪ್ಪು ಮೂರು ತುಂಡುಗಳಲ್ಲಿದೆ. ದೊಡ್ಡದು ಬ್ಲ್ಯಾಡರ್ ತುಂಬಿದ್ದಾಗ 22, ಖಾಲಿಯಾದಾಗ 21 ಮಿಲಿಮೀಟರ್. ಒಂದು ಮಿಲಿಮೀಟರ್ ಕೈಯ ವ್ಯತ್ಯಾಸದಲ್ಲೇ ಹೋಗುತ್ತದೆ, ಅದನ್ನು ಬದಲಾವಣೆ ಅನ್ನಲಾಗದು. ಕಪ್ಪುಗಳ ನಡುವೆ ಬಿಳಿ ಗೆರೆ ಯಾವ ಕೋನದಲ್ಲೂ ಒಡೆಯುವುದಿಲ್ಲ. ಪಿರಮಿಡ್‌ಗೂ ಅವಕ್ಕೂ ನಡುವೆ ಕೊಬ್ಬಿನ ಪಟ್ಟಿ ಇದೆ. ಡಾಪ್ಲರ್‌ನಲ್ಲಿ ಬಣ್ಣ ಇಲ್ಲ. ಯುರೇಟರ್ ಹಿಗ್ಗಿಲ್ಲ, ಚಿಮ್ಮೂ ಕಂಡಿದೆ. ಇವು ಪೆರಿಪೆಲ್ವಿಕ್ ಸಿಸ್ಟ್‌ಗಳು. ಎರಡು ಕಿಡ್ನಿ, ನೋಡಲು ಒಂದೇ ತರಹದ ಕಪ್ಪು, ಕಾರಣ ಮಾತ್ರ ಪೂರ್ತಿ ಬೇರೆ.

ಬಲ ಮೇಲ್ತುದಿಯದು 38, 36, 35 ಮಿಲಿಮೀಟರ್. ಎಲ್ಲ ಸೀಳಿನಲ್ಲೂ ದುಂಡು, ಗೋಡೆ ತೆಳು, ಹಿಂದೆ ಬಿಳಿ. ಮುಂಭಾಗದಲ್ಲಿ ಕಂಡ ಬೂದು ಗೆರೆಗಳು ಹಾರ್ಮಾನಿಕ್ ಹಾಕಿ ಪ್ರೋಬ್ ಓರೆ ಮಾಡಿದಾಗ ಹೋದವು. ಅದರಿಂದ ಕೊಳವೆ ಯಾವುದೂ ಹೊರಡುವುದಿಲ್ಲ, ಕ್ಯಾಲಿಕ್ಸ್‌ಗೆ ಸೇರುವುದೂ ಇಲ್ಲ. ಸಿಂಪಲ್ ಸಿಸ್ಟ್.

ರಿಪೋರ್ಟ್‌ನಲ್ಲಿ ಇದನ್ನು ನಾನು ಹೀಗೆ ಬರೆಯುತ್ತೇನೆ:

'ಬಲ ಕಿಡ್ನಿ 11.2 ಸೆಂ.ಮೀ. ಪೆಲ್ವಿಸ್ ಮತ್ತು ಎಲ್ಲ ಕ್ಯಾಲಿಕ್ಸ್‌ಗಳು ಹಿಗ್ಗಿವೆ, ಫಾರ್ನಿಕ್ಸ್‌ಗಳು ಮೊಂಡಾಗಿವೆ. ಪೆಲ್ವಿಸ್‌ನ ಮುಂದು-ಹಿಂದಿನ ಅಳತೆ ಮೂತ್ರ ಮಾಡಿದ ಮೇಲೆ 15 ಮಿ.ಮೀ. ಪ್ಯಾರೆಂಕೈಮಾ 16 ಮಿ.ಮೀ., ತೆಳುವಾಗಿಲ್ಲ. ಮಾಡರೇಟ್ ಹೈಡ್ರೋನೆಫ್ರೋಸಿಸ್, ಎಸ್‌ಎಫ್‌ಯು ಗ್ರೇಡ್ 3. ಯುರೇಟರ್ ಹಿಗ್ಗಿದೆ, ಬ್ಲ್ಯಾಡರ್ ಸೇರುವ ಜಾಗದಲ್ಲಿ 6 ಮಿ.ಮೀ. ಕಲ್ಲು. ಹಿಗ್ಗಿದ ಭಾಗದೊಳಗೆ ಕಸ ಅಥವಾ ಮಟ್ಟ ಕಾಣುವುದಿಲ್ಲ. ಮೇಲ್ತುದಿಯ ಕಾರ್ಟೆಕ್ಸ್‌ನಲ್ಲಿ 38 × 36 × 35 ಮಿ.ಮೀ. ಸಿಂಪಲ್ ಸಿಸ್ಟ್. ಎಡ ಕಿಡ್ನಿ 10.9 ಸೆಂ.ಮೀ. ಸೈನಸ್‌ನಲ್ಲಿ ಒಂದಕ್ಕೊಂದು ಸೇರದ ಮೂರು ಪೆರಿಪೆಲ್ವಿಕ್ ಸಿಸ್ಟ್‌ಗಳು, ದೊಡ್ಡದು 21 ಮಿ.ಮೀ. ಎಡಗಡೆ ಹೈಡ್ರೋನೆಫ್ರೋಸಿಸ್ ಇಲ್ಲ.'

ಗ್ರೇಡ್ ಜೊತೆ ಪದ್ಧತಿಯ ಹೆಸರನ್ನೂ ಬರೆದಿರುವುದನ್ನು ನೋಡಿ. ಬರೀ 'ಗ್ರೇಡ್ 2' ಅಂದರೆ ಓದುವವರಿಗೆ ಯಾವ ಲೆಕ್ಕ ಅಂತ ಗೊತ್ತಾಗುವುದಿಲ್ಲ. ಗ್ರೇಡ್‌ಗೆ ಆಧಾರವಾದ ವಿವರವನ್ನೂ ಬರೆದರೆ, ನಿಮ್ಮ ಮಾತನ್ನು ಒಪ್ಪದವರೂ ಚಿತ್ರವನ್ನು ಕಲ್ಪಿಸಿಕೊಳ್ಳಬಹುದು.

'ಕಸ ಅಥವಾ ಮಟ್ಟ ಕಾಣುವುದಿಲ್ಲ' ಅನ್ನುವ ಸಾಲು ಸುಮ್ನೆ ತುಂಬಿಸಿದ್ದಲ್ಲ. ಹಿಗ್ಗಿದ ಪೆಲ್ವಿಸ್‌ನೊಳಗೆ ಬೂದು ಕಸ ತೇಲುತ್ತಿದ್ದರೆ, ಮೇಲೆ ತಿಳಿ ಕೆಳಗೆ ಗಷ್ಟು ಅಂತ ಮಟ್ಟ ಕಂಡರೆ, ಕೀವು ತುಂಬಿರಬಹುದು. ಅಂಥದ್ದು ಕಂಡರೆ, ಜೊತೆಗೆ ಜ್ವರವೂ ಇದ್ದರೆ, ರಿಪೋರ್ಟ್ ಟೈಪ್ ಆಗುವವರೆಗೆ ಕಾಯದೆ ರೋಗಿಯನ್ನು ಕಳಿಸಿದ ಡಾಕ್ಟರಿಗೆ ಫೋನ್ ಮಾಡಿ. ಒಳಗೆ ಪೂರ್ತಿ ಕಪ್ಪಾಗಿದೆ, ಆದರೂ ಜ್ವರ ಇದೆ ಅಂದರೂ ಫೋನ್ ಮಾಡಿ. ಸೋಂಕು ತಗುಲಿದ ಮೂತ್ರವೂ ಕಪ್ಪಗೇ ಕಾಣಬಲ್ಲದು.

ಗ್ರೇಡ್ ಹೇಳುವುದು ಎಷ್ಟು ಹಿಗ್ಗಿದೆ ಅಂತ, ಎಷ್ಟು ಕಟ್ಟಿಕೊಂಡಿದೆ ಅಂತಲ್ಲ. ಈಗ ತಾನೇ ಕಲ್ಲು ಸಿಕ್ಕಿಕೊಂಡವರಲ್ಲಿ ಮೊದಲ ಕೆಲವು ಗಂಟೆ ಹಿಗ್ಗೇ ಕಾಣದಿರಬಹುದು. ಮೈಯಲ್ಲಿ ನೀರಿನಂಶ ಕಡಿಮೆಯಿರುವವರಲ್ಲೂ ಹಾಗೆಯೇ. ಇದರ ಉಲ್ಟಾ, ಅಡ್ಡಿ ಏನೂ ಇಲ್ಲದೆ ಹಿಗ್ಗುವುದೂ ಉಂಟು: ಬ್ಲ್ಯಾಡರ್‌ನಿಂದ ಮೂತ್ರ ಮೇಲಕ್ಕೆ ಹಿಮ್ಮರಳುವವರಲ್ಲಿ, ಬಸುರಿಯರಲ್ಲಿ, ಹಿಂದೆಂದೋ ಅಡ್ಡಿಯಿದ್ದು ತೆಗೆದವರಲ್ಲಿ. ಬಸುರಿಯರಲ್ಲಿ ಬಲಗಡೆ ಜಾಸ್ತಿ ಹಿಗ್ಗುವುದು ಮಾಮೂಲಿ, ಅದನ್ನು ಕಂಡ ಕೂಡಲೇ ಕಲ್ಲಿನ ಕಡೆ ಬೆರಳು ತೋರಿಸಬೇಡಿ. ಆದ್ದರಿಂದ ಕಲ್ಲಾಗಲಿ ಬೇರೆ ಅಡ್ಡಿಯಾಗಲಿ ಕಣ್ಣಿಗೆ ಬೀಳದಿದ್ದಾಗ 'ಅಬ್‌ಸ್ಟ್ರಕ್ಷನ್' ಅಂತ ಬರೆಯದೆ, 'ಹಿಗ್ಗಿದೆ, ಕಾರಣ ಈ ಸ್ಕ್ಯಾನ್‌ನಲ್ಲಿ ಕಾಣಲಿಲ್ಲ, ಯುರೇಟರ್ ಇಲ್ಲಿಯವರೆಗೆ ಕಂಡಿತು' ಅಂತ ಬರೆಯಿರಿ. ನಡುಭಾಗದ ಯುರೇಟರ್ ಗ್ಯಾಸ್ ಮುಚ್ಚಿ ಕಾಣದೇ ಹೋಗುವುದೇ ಹೆಚ್ಚು.

ಮೇಲಿನ ಉದಾಹರಣೆಯವರು ಕಲ್ಲು ಬಿದ್ದ ಮೇಲೆ ಮತ್ತೆ ಸ್ಕ್ಯಾನ್‌ಗೆ ಬಂದರೆ, ಅವತ್ತೂ ಮೂತ್ರ ಮಾಡಿದ ಮೇಲೆಯೇ ಅಳೆಯಿರಿ. ಅದೇ ಸೀಳು, ಅದೇ ಜಾಗ, ಅದೇ ಪದ್ಧತಿಯ ಗ್ರೇಡ್. ಮೊದಲ ಸಲ ಖಾಲಿ ಬ್ಲ್ಯಾಡರ್‌ನಲ್ಲಿ 15, ಎರಡನೆಯ ಸಲ ತುಂಬಿದ ಬ್ಲ್ಯಾಡರ್‌ನಲ್ಲಿ 15 ಅಂತ ಬಂದರೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಏನೂ ಹೇಳಲಾಗದು. ಎಡಗಡೆಯ ಪೆರಿಪೆಲ್ವಿಕ್ ಸಿಸ್ಟ್‌ಗಳು ಅವತ್ತೂ ಅಲ್ಲೇ ಇರುತ್ತವೆ. ಹಳೆಯ ರಿಪೋರ್ಟ್‌ನಲ್ಲಿ ಅವುಗಳ ಬಗ್ಗೆ ಬರೆದಿದ್ದರೆ, ಅವತ್ತು ಸ್ಕ್ಯಾನ್ ಮಾಡುವವರು ಅದನ್ನು ಹೊಸ ಹೈಡ್ರೋನೆಫ್ರೋಸಿಸ್ ಅಂತ ಓದಿ ಇನ್ನೊಂದು ಕಲ್ಲು ಹುಡುಕಲು ಹೋಗುವುದಿಲ್ಲ.